ಗುಳಿಗೆ ಬಿಟ್ಟ ಐದನೇ ದಿನ

ಎರಡು ವರ್ಷದ ಹಿಂದಿನ ದೀಪಾವಳಿಗೆ ಭೀಮನಬೀಡಿಗೆ ಹೋಗಿದ್ದೆ. ಚಿಕ್ಕವ್ವ ಜಗಲಿಯ ಮೇಲೆ ಕೂತು ಚೆಂಡುಹೂವು ಪೋಣಿಸುತ್ತಿದ್ದಳು. ಅದಕ್ಕೂ ಹಿಂದಿನ ವರ್ಷ ಬೆಳಗಾದರೆ ಕಾಫಿ ಲೋಟ ಹಿಡಿಯಲಾಗದೆ ಕಣ್ಣೀರು ಹಾಕುತ್ತಿದ್ದವಳು ಅವಳೇ. ಈಗ ಬೆರಳುಗಳು ಸರಸರ ಓಡುತ್ತಿದ್ದವು. ಕೆನ್ನೆ ಉಂಡೆಯಾಗಿ ತುಂಬಿಕೊಂಡಿತ್ತು. ‘ಮೈ ತುಂಬ್ಕಂಡು ಚೆನ್ನಾಗಿದ್ದಿಯ ಚಿಕ್ಕವ್ವ’ ಅಂದೆ. ನಕ್ಕಳು. ಮುಂಗೈ ಮೇಲೆ ನೇರಳೆ ಹಣ್ಣು ಒರೆಸಿದ ಹಾಗೆ ಎರಡು ಮೂರು ಕಲೆ ಕಂಡವು. ಕೇಳಿದರೆ ‘ಎಲ್ಲೋ ತಾಗಿರ್ಬೇಕು ಬುಡು’ ಅಂದಳು.

ನಾನು ವೈದ್ಯ. ತುಂಬಿದ ಕೆನ್ನೆ, ತೆಳುವಾದ ಚರ್ಮ, ತಾಗಿದ ನೆನಪೇ ಇಲ್ಲದ ನೇರಳೆ ಕಲೆ, ದಿಢೀರನೆ ಮಾಯವಾದ ಕೀಲು ನೋವು. ಬೇರೆಯವರ ಮೈಮೇಲೆ ಇವನ್ನೆಲ್ಲ ಕಂಡಿದ್ದರೆ ‘ಸ್ಟಿರಾಯ್ಡ್ ಗುಳಿಗೆ ಎಷ್ಟು ದಿನದಿಂದ?’ ಎಂದು ಮೊದಲೇ ಕೇಳುತ್ತಿದ್ದೆ. ಮನೆಯವಳೆಂದು ಕೇಳಲಿಲ್ಲ. ಹಬ್ಬದೂಟ ಉಂಡು ಮೈಸೂರಿಗೆ ಹೊರಟೆ.

ಶಿವರಾತ್ರಿ ಕಳೆದ ಮರುದಿನ ರಾತ್ರಿ ತಮ್ಮ ಫೋನ್ ಮಾಡಿದ. ‘ಅಣ್ಣ, ಅವ್ವುಂಗ ಎದ್ದು ನಿಂತ್ಕಳಕೇ ಆಯ್ತಿಲ್ಲ. ಕುಡ್ದ ನೀರೂ ವಾಂತಿ. ಮಾತು ತೊದ್ಲುತಾವ್ಳ.’ ಜಾತ್ರೆಗೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗಿದ್ದವಳು ಅಲ್ಲೇ ಭೇದಿ ಹಚ್ಚಿಕೊಂಡು ಬಂದಿದ್ದಳು. ಬಿಸಿಲು, ಜನಸಂದಣಿ, ಸಿಕ್ಕಿದ ಕಡೆ ಕುಡಿದ ನೀರು, ಹೀಗೆ ಕಾರಣಗಳು ಎದುರಿಗೇ ಇದ್ದವು. ಜೊತೆಗೆ ಹೋಗಿದ್ದ ಇನ್ನೂ ನಾಲ್ವರಿಗೆ ಭೇದಿಯಾಗಿತ್ತಂತೆ. ಅವರೆಲ್ಲ ಮಜ್ಜಿಗೆ, ಗಂಜಿ ಕುಡಿದು ಸುಧಾರಿಸಿಕೊಂಡಿದ್ದರು. ಇವಳು ಮಾತ್ರ ನೆಲ ಹಿಡಿದಿದ್ದಳು.

ಹತ್ತಿರದ ಆಸ್ಪತ್ರೆಗೆ ಕರೆದೊಯ್ದಾಗ ರಕ್ತದೊತ್ತಡ 80/50. ಸಕ್ಕರೆ 58. ರಕ್ತದ ಸೋಡಿಯಂ 126. ಅದು 135ಕ್ಕಿಂತ ಕೆಳಗಿರಬಾರದು. ಕರ್ತವ್ಯದಲ್ಲಿದ್ದ ಯುವ ವೈದ್ಯೆ ಅವಳ ಮುಖ ನೋಡಿದರು, ಮುಂಗೈ ತಿರುಗಿಸಿ ಕಲೆ ನೋಡಿದರು. ಆಮೇಲೆ ತಮ್ಮನನ್ನು ಒಂದೇ ಪ್ರಶ್ನೆ ಕೇಳಿದರು: ‘ಇತ್ತೀಚೆಗೆ ಯಾವುದಾದರೂ ಮಾತ್ರೆ ಬಿಟ್ಟಿದ್ದಾರಾ?’ ‘ಯಾವ ಮಾತ್ರೆ ತಗೊಳ್ತಿದ್ದಾರೆ’ ಎಂದಲ್ಲ, ‘ಯಾವುದು ಬಿಟ್ಟಿದ್ದಾರೆ’ ಎಂದು. ಆ ಪ್ರಶ್ನೆಯೇ ಅವಳನ್ನು ಉಳಿಸಿತು.

ಬಿಟ್ಟದ್ದು ನಿಜ. ಹದಿನಾಲ್ಕು ತಿಂಗಳ ಹಿಂದೆ ಕೀಲುವಾತಕ್ಕೆಂದು ತಜ್ಞರೊಬ್ಬರು ವಾರಕ್ಕೊಂದು ದಿನ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆ ಬರೆದು, ಅದು ಕೆಲಸ ಶುರುಮಾಡುವವರೆಗೆ ನೋವು ತಡೆಯಲು ದಿನಕ್ಕೆ 10 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಕೊಟ್ಟಿದ್ದರು. ಒಂದು ತಿಂಗಳು ಬಿಟ್ಟು ಬನ್ನಿ, ಕಡಿಮೆ ಮಾಡೋಣ ಎಂದಿದ್ದರು. ನೋವು ಹೋಗಿತ್ತು, ಇವಳು ಹೋಗಲಿಲ್ಲ. ಖಾಲಿ ಪಟ್ಟಿ ತೋರಿಸಿ ಹೊಸ ಪಟ್ಟಿ ತರಿಸಿಕೊಳ್ಳುತ್ತಲೇ ಇದ್ದಳು. ಶಿವರಾತ್ರಿಯ ಹೊತ್ತಿಗೆ ಪಕ್ಕದ ಮನೆಯವರು ‘ಅದು ಸ್ಟಿರಾಯ್ಡ್ ಕನವ್ವ, ಮೂಳ ತಿಂದಾಕ್ತದ’ ಎಂದು ಹೆದರಿಸಿದರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಇವಳು ಮಾದಪ್ಪನ ಹರಕೆ ತೀರಿಸಲು ಹೊರಟ ಬೆಳಿಗ್ಗೆ ಪಟ್ಟಿಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಬಸ್ಸು ಹತ್ತಿದಳು. ‘ನೋವೇ ಇಲ್ಲ ಕನ ಮಗ. ಮಾದಪ್ಪನೇ ವಾಸಿ ಮಾಡ್ದ ಮ್ಯಾಲ ಇನ್ಯಾಕ ಗುಳ್ಗ?’ ಎಂದು ಆಮೇಲೆ ನನಗೆ ಹೇಳಿದಳು. ಗುಳಿಗೆ ಬಿಟ್ಟ ಐದನೇ ದಿನ ಅವಳು ಆಸ್ಪತ್ರೆಯಲ್ಲಿದ್ದಳು.

ಹಾಗಾದರೆ ಆ ಐದು ದಿನದಲ್ಲಿ ಒಳಗೆ ಆದದ್ದೇನು?

ನಮ್ಮ ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಪುಟ್ಟ ಟೋಪಿಯ ಹಾಗೆ ಅಡ್ರಿನಲ್ ಗ್ರಂಥಿಗಳು ಕೂತಿವೆ. ಒಂದೊಂದರ ತೂಕ ಸುಮಾರು ನಾಲ್ಕೈದು ಗ್ರಾಂ. ಇವು ದಿನವೂ ಕಾರ್ಟಿಸೋಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಕೋಳಿ ಕೂಗುವ ಮುಂಚೆಯೇ ಏರತೊಡಗಿ, ಬೆಳಿಗ್ಗೆ ಏಳೆಂಟು ಗಂಟೆಯ ಹೊತ್ತಿಗೆ ತುಂಬಿ ನಿಂತು, ಮಧ್ಯರಾತ್ರಿಗೆ ಇಳಿದುಹೋಗುವುದು ಅದರ ದಿನಚರಿ. ರಕ್ತನಾಳಗಳು ಬಿಗಿಯಾಗಿ ನಿಂತು ರಕ್ತದೊತ್ತಡ ಕಾಯುವುದಕ್ಕೆ ಅದು ಬೇಕು. ಉಪವಾಸವಿದ್ದಾಗ ಯಕೃತ್ತು ಸಕ್ಕರೆ ತಯಾರಿಸಿ ಕೊಡುವುದಕ್ಕೂ ಬೇಕು. ಜ್ವರ, ಭೇದಿ, ಗಾಯ, ಶಸ್ತ್ರಚಿಕಿತ್ಸೆ ಬಂದರೆ ದಿನದ ಲೆಕ್ಕ ಸಾಲದು. ಆರೋಗ್ಯವಂತರ ಗ್ರಂಥಿ ಅಂಥ ದಿನ ಹಲವು ಪಟ್ಟು ಹೆಚ್ಚು ಸುರಿಯುತ್ತದೆ.

ಎಷ್ಟು ತಯಾರಿಸಬೇಕೆಂದು ಗ್ರಂಥಿ ತಾನೇ ತೀರ್ಮಾನಿಸುವುದಿಲ್ಲ. ಮಿದುಳಿನ ತಳದ ಹೈಪೊಥಲಾಮಸ್ ರಕ್ತದಲ್ಲಿ ಕಾರ್ಟಿಸೋಲ್ ಎಷ್ಟಿದೆ ಎಂದು ನೋಡುತ್ತಿರುತ್ತದೆ. ಕಡಿಮೆಯಾದರೆ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಅಡ್ರಿನಲ್‌ಗೆ ಅಪ್ಪಣೆ ಕಳಿಸುತ್ತದೆ. ಗುಳಿಗೆಯಲ್ಲಿರುವ ಪ್ರೆಡ್ನಿಸೊಲೋನ್ ಇದೇ ಕಾರ್ಟಿಸೋಲ್‌ನ ಹತ್ತಿರದ ನೆಂಟ. ಮಿದುಳಿಗೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ‘ಬೇಕಾದಷ್ಟಿದೆ’ ಎಂದುಕೊಂಡು ಅಪ್ಪಣೆ ಕಳಿಸುವುದನ್ನೇ ನಿಲ್ಲಿಸುತ್ತದೆ. ಅಪ್ಪಣೆ ಇಲ್ಲದ ಅಡ್ರಿನಲ್ ಕೆಲಸ ಬಿಡುತ್ತದೆ, ತಿಂಗಳುಗಳು ಕಳೆದಂತೆ ಸೊರಗಿ ಚಿಕ್ಕದಾಗುತ್ತದೆ.

ನಮ್ಮೂರಿನವರಿಗೆ ಇದನ್ನು ಎತ್ತಿನ ಲೆಕ್ಕದಲ್ಲಿ ಹೇಳುತ್ತೇನೆ. ಬಾಡಿಗೆ ಟ್ರ್ಯಾಕ್ಟರು ಬಂತು, ಹೊಲ ಬೇಗ ಉತ್ತಾಯಿತು. ಎತ್ತು ವರ್ಷವಿಡೀ ಕೊಟ್ಟಿಗೆಯಲ್ಲಿ ನಿಂತಿತು. ಒಂದು ದಿನ ಏಕಾಏಕಿ ಟ್ರ್ಯಾಕ್ಟರು ಬೇಡವೆಂದು ಕಳಿಸಿ, ಅದೇ ಬೆಳಿಗ್ಗೆ ಎತ್ತಿಗೆ ನೊಗ ಕಟ್ಟಿ ಎರಡೆಕರೆ ಉಳು ಎಂದರೆ ಅದು ಮೊದಲ ಸಾಲಿನಲ್ಲೇ ಮಂಡಿಯೂರುತ್ತದೆ. ಎತ್ತು ಸತ್ತಿಲ್ಲ, ರೋಗವೂ ಇಲ್ಲ. ರೂಢಿ ತಪ್ಪಿದೆ, ಮಾಂಸಖಂಡ ಕರಗಿದೆ. ಅದಕ್ಕೆ ದಿನ ಕೊಟ್ಟು, ಮೇವು ಕೊಟ್ಟು, ಸ್ವಲ್ಪ ಸ್ವಲ್ಪವೇ ಹೂಡಬೇಕು. ಅದೂ ಉತ್ತರೆ ಮಳೆ ಹಿಡಿದ ಕೆಸರಿನಲ್ಲಿ ಮೊದಲ ದಿನವೇ ಹೂಡಿದರೆ ಕೇಳುವುದೇ ಬೇಡ. ಚಿಕ್ಕವ್ವನ ಭೇದಿ ಆ ಕೆಸರು. ಬರೀ ಗುಳಿಗೆ ಬಿಟ್ಟಿದ್ದರೆ ಸುಸ್ತು, ತಲೆಸುತ್ತು, ಹಸಿವಿಲ್ಲದಿರುವಿಕೆಯಲ್ಲಿ ಕೆಲವು ವಾರ ಒದ್ದಾಡುತ್ತಿದ್ದಳೋ ಏನೋ. ಹಲವು ಪಟ್ಟು ಕಾರ್ಟಿಸೋಲ್ ಬೇಕಾದ ದಿನವೇ ಒಳಗೂ ಇಲ್ಲ, ಹೊರಗಿನದೂ ಇಲ್ಲ ಎಂದಾಯಿತು.

ವೈದ್ಯಲೋಕ ಈ ಪಾಠವನ್ನು ಕಲಿತದ್ದೂ ಪೆಟ್ಟು ತಿಂದೇ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಕೊಟ್ಟರು. ಹಾಸಿಗೆ ಹಿಡಿದವರು ಎದ್ದು ಓಡಾಡಿದರು. 1950ರಲ್ಲಿ ಹೆಂಚ್, ಕೆಂಡಾಲ್, ರೈಶ್‌ಸ್ಟೈನ್ ಮೂವರಿಗೆ ನೊಬೆಲ್ ಬಂತು. ಎರಡೇ ವರ್ಷ, 1952ರಲ್ಲಿ ಇನ್ನೊಂದು ವರದಿ ಬಂತು. ತಿಂಗಳುಗಟ್ಟಲೆ ಕಾರ್ಟಿಸೋನ್ ತೆಗೆದುಕೊಂಡಿದ್ದ ಕೀಲುವಾತದ ಯುವಕನೊಬ್ಬ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ರಕ್ತದೊತ್ತಡ ಕುಸಿದು, ಏನು ಮಾಡಿದರೂ ಏರದೆ ತೀರಿಕೊಂಡಿದ್ದ. ಮರಣೋತ್ತರ ಪರೀಕ್ಷೆಯಲ್ಲಿ ಅವನ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು.

ಚಿಕ್ಕವ್ವನ ಚಿಕಿತ್ಸೆ ಮಾತ್ರ ಸರಳವಾಗಿತ್ತು. ವೈದ್ಯೆ ರಕ್ತಪರೀಕ್ಷೆಯ ವರದಿಗೆ ಕಾಯಲಿಲ್ಲ. ಒಂದು ಟ್ಯೂಬು ರಕ್ತ ತೆಗೆದಿಟ್ಟುಕೊಂಡು, ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ. ಚುಚ್ಚುಮದ್ದನ್ನು ನೇರ ರಕ್ತನಾಳಕ್ಕೆ ಕೊಟ್ಟರು. ಮೊದಲ ಒಂದು ಗಂಟೆಯಲ್ಲಿ ಒಂದು ಲೀಟರ್ ಸಲೈನ್ ಹರಿಸಿದರು, ಜೊತೆಗೆ ಗ್ಲೂಕೋಸ್. ಆಮೇಲಿನ ಇಪ್ಪತ್ತನಾಲ್ಕು ಗಂಟೆಗೆ ಇನ್ನೂ 200 ಮಿ.ಗ್ರಾಂ. ಹಂಚಿ ಕೊಟ್ಟರು. ಬೆಳಗಿನ ಆರಕ್ಕೆ ನಾನು ಮೈಸೂರಿನಿಂದ ಬಂದು ಇಳಿದಾಗ ಅವಳು ದಿಂಬಿಗೆ ಒರಗಿ ಕೂತು ‘ಇಲ್ಲಿ ಕಾಫಿ ಸಿಕ್ಕುತದ?’ ಎಂದು ಕೇಳುತ್ತಿದ್ದಳು. ಬರೀ ಸಲೈನು ಹಾಕಿದ್ದರೆ ಈ ಕಾಫಿಯ ಮಾತು ಬರುತ್ತಿರಲಿಲ್ಲ. ಸಲೈನಿಗೆ ಸರಿಯಾಗಿ ಬಗ್ಗದ ಇಂಥ ಕಡಿಮೆ ರಕ್ತದೊತ್ತಡ ಕಂಡರೆ ಸ್ಟಿರಾಯ್ಡ್ ಬಿಟ್ಟಿರಬಹುದೇ ಎಂದು ಅನುಮಾನಿಸಲೇಬೇಕು.

ಇನ್ನು ಇಳಿಸುವ ಕೆಲಸ. ಇಲ್ಲೇ ಹೆಚ್ಚು ಜನ ತಪ್ಪುವುದು. ಸ್ಟಿರಾಯ್ಡ್ ನುಂಗಿದವರೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಿಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮೂರ್ನಾಲ್ಕು ವಾರಕ್ಕಿಂತ ಕಡಿಮೆ ದಿನ ತೆಗೆದುಕೊಂಡಿದ್ದರೆ ಅಡ್ರಿನಲ್ ಸೊರಗುವಷ್ಟು ಸಮಯವೇ ಆಗಿರುವುದಿಲ್ಲ. ಅಡ್ರಿನಲ್ ಸಲುವಾಗಿ ಇಳಿಸುವ ಅಗತ್ಯವಿಲ್ಲ. ಕೋವಿಡ್ ಕಾಲದಲ್ಲಿ ಆಮ್ಲಜನಕ ಬೇಕಾದವರಿಗೆ ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿ.ಗ್ರಾಂ.ನಂತೆ ಹತ್ತು ದಿನ ಕೊಟ್ಟು ನಿಲ್ಲಿಸುತ್ತಿದ್ದುದು ನೆನಪಿರಬಹುದು. ಉಬ್ಬಸ ಕೆರಳಿದಾಗ ಐದು ದಿನ ಕೊಡುವುದೂ ಹಾಗೆಯೇ. ಈ ಬರಹದ ಮಾತೆಲ್ಲ ಅದಕ್ಕಿಂತ ಹೆಚ್ಚು ಕಾಲ ದಿನವೂ ನುಂಗಿದವರಿಗೆ.

ಕುಷ್ಠರೋಗಕ್ಕೆ ಚಿಕಿತ್ಸೆ ನಡೆಯುವಾಗ ಕೆಲವರಲ್ಲಿ ನರಗಳು ಊದಿ ನೋಯುವ ‘ರಿಯಾಕ್ಷನ್’ ಆಗುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ, ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೂ ಬಳಕೆಯಾದ ಹನ್ನೆರಡು ವಾರದ ಪ್ರೆಡ್ನಿಸೊಲೋನ್ ಲೆಕ್ಕವೊಂದಿದೆ: 40, 30, 20, 15, 10, 5 ಮಿ.ಗ್ರಾಂ., ಒಂದೊಂದೂ ಎರಡು ವಾರ. ಈ ಸಾಲನ್ನು ಸುಮ್ಮನೆ ಕಣ್ಣಾಡಿಸಿ. ಮೊದಲು ಹತ್ತು ಹತ್ತು ಇಳಿಯುತ್ತದೆ, ಆಮೇಲೆ ಐದೈದು. ಮೆಟ್ಟಿಲು ಚಿಕ್ಕದಾಗುತ್ತಿದೆ ಎನಿಸುತ್ತದೆ. ಆದರೆ ದೇಹದ ಲೆಕ್ಕ ಬೇರೆ. 40ರಿಂದ 30ಕ್ಕೆ ಇಳಿದರೆ ಕಾಲು ಭಾಗ ಹೋಯಿತು. 10ರಿಂದ 5ಕ್ಕೆ ಅರ್ಧ ಹೋಯಿತು. 5ರಿಂದ ಸೊನ್ನೆಗೆ ಇದ್ದದ್ದೆಲ್ಲ ಹೋಯಿತು. ಕಣ್ಣಿಗೆ ಸಣ್ಣದಾಗಿ ಕಾಣುವ ಕೊನೆಯ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರದ್ದು. ಮೂರೇ ತಿಂಗಳ ಚಿಕಿತ್ಸೆಯಲ್ಲಿ ಹೆಚ್ಚಿನವರು ಅದನ್ನು ದಾಟುತ್ತಾರೆ. ವರ್ಷಗಟ್ಟಲೆ ನುಂಗಿದವರು ಅದೇ ವೇಗದಲ್ಲಿ ಹೋದರೆ ಅಲ್ಲೇ ಮುಗ್ಗರಿಸುತ್ತಾರೆ.

ಐದು ಎಂಬ ಅಂಕಿಗೆ ಇನ್ನೊಂದು ಅರ್ಥವಿದೆ. ಆರೋಗ್ಯವಂತರ ಅಡ್ರಿನಲ್ ದಿನಕ್ಕೆ ತಯಾರಿಸುವ ಕಾರ್ಟಿಸೋಲ್‌ಗೆ ಸಮನಾದ ಪ್ರೆಡ್ನಿಸೊಲೋನ್ ಸುಮಾರು 4ರಿಂದ 6 ಮಿ.ಗ್ರಾಂ. ಅಂದರೆ 40ರಿಂದ 5ರವರೆಗಿನ ದಾರಿಯಲ್ಲಿ ದೇಹಕ್ಕೆ ಬೇಕಾದಷ್ಟು ಹೊರಗಿನಿಂದ ಬರುತ್ತಲೇ ಇರುತ್ತದೆ. ಅಲ್ಲಿ ನಾವು ನೋಡುವುದು ಒಂದನ್ನೇ, ರೋಗ ಕೆರಳುತ್ತಿದೆಯೇ ಇಲ್ಲವೇ. ಕೆರಳದಿದ್ದರೆ ಸಾಕಷ್ಟು ಬೇಗ ಇಳಿಯಬಹುದು: 40ರಿಂದ 20ರವರೆಗೆ ವಾರಕ್ಕೆ 5 ಮಿ.ಗ್ರಾಂ.ನಂತೆ, 20ರಿಂದ 10ರವರೆಗೆ ಒಂದರಿಂದ ನಾಲ್ಕು ವಾರಕ್ಕೊಮ್ಮೆ 1ರಿಂದ 2.5ರಂತೆ. ಹತ್ತರಿಂದ ಕೆಳಗೆ ಇನ್ನೂ ನಿಧಾನ. ಐದು ದಾಟಿದ ಮೇಲೆ ಹೊರಗಿನದು ಸಾಲದು, ಉಳಿದದ್ದನ್ನು ಗ್ರಂಥಿಯೇ ತುಂಬಿಕೊಡಬೇಕು. ಅಲ್ಲಿಂದ ಮುಂದೆ ನೋಡಬೇಕಾದದ್ದು ರೋಗದ ಜೊತೆಗೆ ಗ್ರಂಥಿಯನ್ನೂ. ‘ನೋವಿಲ್ಲ, ಆದ್ದರಿಂದ ಬಿಡಬಹುದು’ ಎಂಬ ಚಿಕ್ಕವ್ವನ ತರ್ಕ ತಪ್ಪಿದ್ದು ಇಲ್ಲೇ. ನೋವು ಕೀಲಿನ ಸುದ್ದಿ ಹೇಳುತ್ತದೆ, ಅಡ್ರಿನಲ್‌ನ ಸುದ್ದಿ ಹೇಳುವುದಿಲ್ಲ.

ಅವಳ ಲೆಕ್ಕ ಹೀಗೆ ನಡೆಯಿತು. ಭೇದಿ ನಿಂತು ಮನೆಗೆ ಬಂದ ಮೇಲೆ ಮತ್ತೆ ಬೆಳಿಗ್ಗೆ ತಿಂಡಿಯಾದ ಮೇಲೆ 10 ಮಿ.ಗ್ರಾಂ. ಶುರುವಾಯಿತು. ಬೆಳಿಗ್ಗೆ ಒಂದೇ ಸಲ ನುಂಗುವುದಕ್ಕೂ ಕಾರಣವಿದೆ. ರಾತ್ರಿ ನುಂಗಿದರೆ ಬೆಳಗಿನ ಜಾವ ಮಿದುಳು ಕಳಿಸಬೇಕಾದ ಅಪ್ಪಣೆಯನ್ನು ಗುಳಿಗೆ ಇನ್ನಷ್ಟು ಅದುಮಿಡುತ್ತದೆ. ಒಂದು ತಿಂಗಳಾದ ಮೇಲೆ 7.5, ಅಂದರೆ ಒಂದು ಐದರ ಮಾತ್ರೆ, ಜೊತೆಗೆ ಅರ್ಧ. ಮತ್ತೊಂದು ತಿಂಗಳು ಕಳೆದು 5. ಕೀಲು ಊದಿಕೊಳ್ಳಲಿಲ್ಲ, ವಾರದ ಮಾತ್ರೆ ಅಷ್ಟು ಹೊತ್ತಿಗೆ ರೋಗವನ್ನು ಹಿಡಿದಿಟ್ಟಿತ್ತು. ಐದರಲ್ಲಿ ಒಂದು ತಿಂಗಳು ನಿಂತ ಮೇಲೆ ಬೆಳಗಿನ ಕಾರ್ಟಿಸೋಲ್ ಪರೀಕ್ಷೆ.

ಈ ಪರೀಕ್ಷೆ ನೋಡಲು ಸುಲಭ, ಕೆಡಿಸುವುದು ಇನ್ನೂ ಸುಲಭ. ರಕ್ತವನ್ನು ಬೆಳಿಗ್ಗೆ ಎಂಟರಿಂದ ಒಂಬತ್ತರೊಳಗೆ ಕೊಡಬೇಕು, ಏಕೆಂದರೆ ಕಾರ್ಟಿಸೋಲ್ ತುಂಬಿರುವ ಹೊತ್ತು ಅದು. ಮಧ್ಯಾಹ್ನ ಕೊಟ್ಟರೆ ಸರಿಯಾಗಿರುವವರದೂ ಕಡಿಮೆ ಬರುತ್ತದೆ. ಅಂದಿನ ಗುಳಿಗೆಯನ್ನು ರಕ್ತ ಕೊಡುವ ಮುಂಚೆ ನುಂಗಬಾರದು, ಹಿಂದಿನ ಗುಳಿಗೆಗೆ ಇಪ್ಪತ್ತನಾಲ್ಕು ಗಂಟೆ ಆಗಿರಬೇಕು. ನುಂಗಿಬಿಟ್ಟರೆ ಪರೀಕ್ಷೆಯ ರಾಸಾಯನಿಕ ಪ್ರೆಡ್ನಿಸೊಲೋನನ್ನೇ ಕಾರ್ಟಿಸೋಲ್ ಎಂದು ಎಣಿಸಬಹುದು. ಸೊರಗಿದ ಗ್ರಂಥಿಯೂ ಕಾಗದದ ಮೇಲೆ ಗಟ್ಟಿಯಾಗಿ ಕಾಣುತ್ತದೆ. ಚಿಕ್ಕವ್ವ ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಗೆ ಹೋಗಿ ರಕ್ತ ಕೊಟ್ಟು, ಸೆರಗಿಗೆ ಗಂಟು ಹಾಕಿಕೊಂಡಿದ್ದ ಗುಳಿಗೆಯನ್ನು ಹೋಟೆಲಿನಲ್ಲಿ ಇಡ್ಲಿ ತಿಂದು ನುಂಗಿದಳು. ‘ಅದ್ನ ಮರೀಬ್ಯಾಡ’ ಎಂದು ಮೂರು ಸಲ ಹೇಳಿದ್ದೆ. ರಕ್ತ ಕೊಡುವವರೆಗೆ ಬೇಡ ಅಂದದ್ದನ್ನು ಇಡೀ ದಿನ ಬೇಡ ಎಂದು ತಿಳಿದು ಬಿಟ್ಟುಬಿಡುವವರಿದ್ದಾರೆ.

ಫಲಿತಾಂಶ ಓದುವ ಅಂದಾಜು ಹೀಗಿದೆ. ಡೆಸಿಲೀಟರಿಗೆ 10 ಮೈಕ್ರೊಗ್ರಾಂ. ದಾಟಿದರೆ ಗ್ರಂಥಿ ಎದ್ದಿದೆ, ಗುಳಿಗೆ ನಿಲ್ಲಿಸಬಹುದು. 5ರಿಂದ 10ರ ನಡುವೆ ಇದ್ದರೆ ಏಳುತ್ತಿದೆ, ದಿನದ ಅಗತ್ಯದಷ್ಟೇ ಇರುವ ಸಣ್ಣ ಪ್ರಮಾಣದಲ್ಲಿ ಕೆಲವು ವಾರ, ತಿಂಗಳು ಕಾದು ಮತ್ತೆ ನೋಡಬೇಕು. 5ಕ್ಕಿಂತ ಕಡಿಮೆಯಾದರೆ ಇನ್ನೂ ಮಲಗಿದೆ, ಕೆಲವು ತಿಂಗಳು ಮುಟ್ಟುವ ಹಾಗಿಲ್ಲ.

ಜೂನ್‌ನಲ್ಲಿ ಅವಳದು 3.2 ಬಂತು. ಐದರಲ್ಲೇ ಮುಂದುವರಿದಳು. ಆಗ ಅವಳಿಗೆ ಬೇಸರ ಹತ್ತಿತು. ಚೆಂಡುಹೂವು ಕೀಳುವ ಕಾಲ, ಊರಿನವರೆಲ್ಲ ಮುಂಜಾನೆಯೇ ಹೊಲದಲ್ಲಿ. ಇವಳಿಗೆ ನಾಲ್ಕು ಸಾಲು ಕಿತ್ತರೆ ಮೈಯೆಲ್ಲ ನೋವು, ಕೂರಬೇಕು. ‘ರೋಗ ವಾಪಸ್ ಬಂತು ಕನ, ಹತ್ತು ನುಂಗ್ಲಾ?’ ಎಂದು ಫೋನ್ ಮಾಡಿದಳು. ಇಂಥ ಹೊತ್ತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ಹಳೆಯ ಜಾಗದಲ್ಲೇ ಹಳೆಯ ಥರವೇ ಬಂದರೆ, ಅಂದರೆ ಬೆಳಿಗ್ಗೆ ಬೆರಳ ಗಿಣ್ಣು ಊದಿ, ಬಿಸಿಯಾಗಿ, ಒಂದು ಗಂಟೆ ಮಡಚಲಾಗದಿದ್ದರೆ ಅದು ರೋಗ. ಊತ ಏನೂ ಇಲ್ಲದೆ ಮೈಕೈ ತುಂಬ ನೋವು, ಜಡ, ಮಂಕು, ನಿದ್ದೆಗೇಡು ಇದ್ದು, ರಕ್ತದೊತ್ತಡ ಸರಿಯಿದ್ದರೆ ಹೆಚ್ಚಿನ ಪ್ರಮಾಣಕ್ಕೆ ಒಗ್ಗಿದ ದೇಹ ಕಡಿಮೆಗೆ ಒಗ್ಗಿಕೊಳ್ಳುವ ಸಂಕಟ. ಅದು ಅಪಾಯಕಾರಿಯಲ್ಲ, ತಾಳಿಕೊಳ್ಳುವುದು ಕಷ್ಟವಾದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ ಇನ್ನಷ್ಟು ನಿಧಾನವಾಗಿ ಇಳಿಯಬಹುದು. ಮೂರನೆಯದು ಬೇರೆಯೇ ಜಾತಿ. ವಾಕರಿಕೆ, ವಾಂತಿ, ಹೊಟ್ಟೆನೋವು, ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ಬೆವರು, ಮಾತಿನಲ್ಲಿ ಗೊಂದಲ. ಅದು ಅಡ್ರಿನಲ್ ಸೋತ ಗುರುತು, ನಾಳೆ ನೋಡೋಣ ಅನ್ನುವುದಲ್ಲ, ಆ ಗಂಟೆಯಲ್ಲೇ ಆಸ್ಪತ್ರೆಗೆ ಹೋಗಬೇಕಾದದ್ದು.

ಚಿಕ್ಕವ್ವನದು ಎರಡನೆಯದು. ಕೂತಾಗ, ನಿಂತಾಗ ಎರಡೂ ಸಲ ರಕ್ತದೊತ್ತಡ ನೋಡಿಸಿದೆವು, ವ್ಯತ್ಯಾಸವಿರಲಿಲ್ಲ. ಗಿಣ್ಣು ಊದಿರಲಿಲ್ಲ. ಹತ್ತಕ್ಕೆ ಏರಿಸಲಿಲ್ಲ. ಓಣಂಗೆಂದು ಕೇರಳದ ಕಡೆಗೆ ಹೂವಿನ ಗಾಡಿಗಳು ಹೊರಡುವ ಹೊತ್ತಿಗೆ ಆ ಮೈನೋವು ತಾನಾಗಿ ಕಡಿಮೆಯಾಗಿತ್ತು. ಸೆಪ್ಟೆಂಬರಿನ ಪರೀಕ್ಷೆಯಲ್ಲಿ 6.4. ಪ್ರಮಾಣವನ್ನು 4ಕ್ಕೆ ಇಳಿಸಿದೆವು. ಒಂದು ಮಿ.ಗ್ರಾಂ.ನ ಮಾತ್ರೆ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ನಾನೇ ಹುಡುಕಿ ಕಳಿಸಿದೆ. ನವೆಂಬರಿನಲ್ಲಿ 10.9. ಅಂದಿಗೆ ಗುಳಿಗೆ ನಿಂತಿತು. ಹತ್ತರಿಂದ ಸೊನ್ನೆಗೆ ಒಟ್ಟು ಎಂಟು ತಿಂಗಳ ಮೇಲಾಯಿತು. ಪಿಟ್ಯುಟರಿ ಮೊದಲು ಎಚ್ಚರಗೊಂಡು ಕೂಗತೊಡಗುತ್ತದೆ, ಸೊರಗಿದ ಅಡ್ರಿನಲ್ ಹಿಂದಿನಿಂದ ಬರುತ್ತದೆ. ಕೆಲವರಲ್ಲಿ ಇದಕ್ಕೆ ವರ್ಷವೂ ಹಿಡಿಯುತ್ತದೆ.

ಈ ಎಂಟು ತಿಂಗಳಲ್ಲಿ ಒಮ್ಮೆ ಅವಳಿಗೆ ಜ್ವರ ಬಂತು. ಇಳಿಸುತ್ತಿರುವವರು ಆಗ ಇಳಿಸುವುದನ್ನು ನಿಲ್ಲಿಸಿ ಏರಿಸಬೇಕು. ಐದರಲ್ಲಿದ್ದವಳು ಜ್ವರವಿದ್ದಷ್ಟು ದಿನ ಬೆಳಿಗ್ಗೆ 5, ಸಂಜೆ 5 ನುಂಗಿದಳು, ಬಿಟ್ಟ ಮೇಲೆ ಮತ್ತೆ ಹಳೆಯ ಪ್ರಮಾಣಕ್ಕೆ ಬಂದಳು. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ನುಂಗುವುದು. ಅದೂ ಹೊರಬಂದರೆ ಬಾಯಿಂದ ಆಗುವ ಕೆಲಸವಲ್ಲ, ಚುಚ್ಚುಮದ್ದು ಬೇಕು. ಹಲ್ಲು ಕೀಳಿಸುವಾಗ, ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರಿಗೆ ಇದನ್ನು ಹೇಳಲೇಬೇಕು. ಈ ಎಚ್ಚರ ಗುಳಿಗೆ ನಿಂತ ಮೇಲೂ ಒಂದು ವರ್ಷದ ಮಟ್ಟಿಗೆ ಇರಲಿ ಎಂದು ಅವಳಿಗೆ ಹೇಳಿದ್ದೇನೆ. ಹೊಲ ಉಳಲು ಬಂದ ಎತ್ತು ಗಾಡಿ ಹೇರನ್ನೂ ಎಳೆದೀತೆಂದು ಮೊದಲ ವರ್ಷವೇ ನಂಬುವಂತಿಲ್ಲ.

ಚಿಕ್ಕವ್ವನ ಪಟ್ಟಿಯ ಮೇಲೆ ಹೆಸರಾದರೂ ಇತ್ತು. ಅಕ್ಕಿ ಡಬ್ಬದ ಹಿಂದಿನಿಂದ ತಮ್ಮ ಅದನ್ನು ಹುಡುಕಿ ಫೋಟೊ ಕಳಿಸಿದ್ದರಿಂದ ಪ್ರಮಾಣ ಗೊತ್ತಾಯಿತು. ನಮ್ಮ ಕಡೆ ಕೀಲು ನೋವಿಗೆ, ಉಬ್ಬಸಕ್ಕೆ ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಡಿ ಗುಳಿಗೆ, ಪುಡಿ ತಂದು ತಿನ್ನುವವರಿದ್ದಾರೆ. ನಾಟಿ ಮದ್ದೆಂದು ಮಾರುವ ಇಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದು ದೇಶದ ಹಲವೆಡೆ ಪರೀಕ್ಷೆಯಲ್ಲಿ ಸಿಕ್ಕಿದೆ. ವರ್ಷಗಳ ನೋವು ಎರಡೇ ದಿನದಲ್ಲಿ ಹೋಯಿತು, ಹಸಿವು ಹೆಚ್ಚಿತು, ಮುಖ ತುಂಬಿತು, ಬಿಟ್ಟರೆ ಮೇಲೇಳಲಾಗದಷ್ಟು ಸುಸ್ತು ಎಂದಾದರೆ ಪೊಟ್ಟಣದಲ್ಲಿ ಅದಿದೆ ಎಂದೇ ಅನುಮಾನಿಸಬೇಕು. ಅಂಥದ್ದನ್ನು ತಿಂದದ್ದು ತಪ್ಪಾಯಿತೆಂದು ನಾಚಿ ಅಂದೇ ಬಿಸಾಡುವುದು ಎರಡನೇ ತಪ್ಪು. ಉಳಿದ ಪೊಟ್ಟಣವನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು. ಅದರ ಬದಲಿಗೆ ಅಳತೆ ಗೊತ್ತಿರುವ ಗುಳಿಗೆ ಬರೆದುಕೊಟ್ಟು ಅವರು ಇಳಿಸುತ್ತಾರೆ. ಕೀಲಿಗೆ ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಸ್ಟಿರಾಯ್ಡ್ ಸೂಜಿಗೂ ಗ್ರಂಥಿಯನ್ನು ಮಲಗಿಸುವ ಶಕ್ತಿಯಿದೆ, ಅದನ್ನೂ ಹೇಳಬೇಕು.

ಪಕ್ಕದ ಮನೆಯವರ ಮಾತಿಗೆ ಬರುತ್ತೇನೆ. ಮೂಳೆ ಸವೆಯುವುದು, ಸಕ್ಕರೆ ಏರುವುದು, ಕಣ್ಣಿಗೆ ಪೊರೆ ಬರುವುದು, ಎಲ್ಲ ನಿಜ. ಆ ಭಯದಿಂದ ಬಿಡಬೇಕೆನ್ನುವುದೂ ಸರಿ. ಆದರೆ ಆ ಕೇಡೆಲ್ಲ ತಿಂಗಳು, ವರ್ಷದ ಲೆಕ್ಕದಲ್ಲಿ ಬರುವಂಥದ್ದು. ಒಮ್ಮೆಗೇ ಬಿಟ್ಟರೆ ಬರುವುದು ದಿನಗಳ ಲೆಕ್ಕದಲ್ಲಿ. ವರ್ಷದ ಕೇಡಿಗೆ ಹೆದರಿ ವಾರದ ಕೇಡನ್ನು ಮೈಮೇಲೆ ಎಳೆದುಕೊಳ್ಳಬಾರದು.

ಈ ಸಲದ ಶಿವರಾತ್ರಿಗೂ ಚಿಕ್ಕವ್ವ ಬೆಟ್ಟಕ್ಕೆ ಹೋದಳು. ಹೊರಡುವ ಹಿಂದಿನ ದಿನ ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: ‘ಪ್ರೆಡ್ನಿಸೊಲೋನ್ ಎರಡು ವರ್ಷ ನುಂಗಿದ್ದಾರೆ, ನವೆಂಬರಿನಲ್ಲಿ ನಿಲ್ಲಿಸಿದೆ. ವಾಂತಿ ಅಥವಾ ರಕ್ತದೊತ್ತಡ ಕುಸಿದಿದ್ದರೆ ಹೈಡ್ರೊಕಾರ್ಟಿಸೋನ್ 100 ಮಿ.ಗ್ರಾಂ. ತಕ್ಷಣ ಕೊಡಿ.’ ಕೆಳಗೆ ನನ್ನ, ತಮ್ಮನ ಫೋನ್ ನಂಬರು. ಅವಳಿಗೆ ಓದಲು ಬಾರದು. ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿ, ಮಡಚಿ, ಎಲೆಅಡಿಕೆ ಚೀಲದ ಒಳಜೇಬಿಗೆ ಹಾಕಿಕೊಂಡಳು. ಸುಣ್ಣದ ಡಬ್ಬಿ ಮರೆತಾಳು, ಆ ಚೀಲವನ್ನು ಎಂದೂ ಮರೆತವಳಲ್ಲ. ‘ಮಾದಪ್ಪ ಅವ್ನ ಪಾಡಿಗ್ ನೋಡ್ಕತಾನ, ಇದೂ ಇರ್ಲಿ ಬುಡು’ ಅಂದಳು.